ಬೆನ್ನುನೀರಿನ ಒತ್ತಡಕ್ಕೆ ಭಾನುವಾರವೆಂಬುದಿಲ್ಲ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಬೆಂಗಳೂರು
ಹಾಗೂ ಬೆಂಗಳೂರಿನ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ವೈದ್ಯಕೀಯ ಅಧೀಕ್ಷಕರು

ವಿಷಯ: ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ ಇರುವ ಎಚ್‌ಐವಿ ರೋಗಿಗಳಿಗೆ ದಿನವೂ ಬೆನ್ನುನೀರಿನ ಒತ್ತಡ ಅಳೆದು ಇಳಿಸುವ ಬಗ್ಗೆ, ಮತ್ತು ಎಆರ್‌ಟಿ ಕೇಂದ್ರದಲ್ಲೇ ಕ್ರ್ಯಾಗ್ ಪರೀಕ್ಷೆಯ ಪಟ್ಟಿ ಇಡುವ ಬಗ್ಗೆ

ಮಾನ್ಯರೇ,

ಎಚ್‌ಐವಿ ಬಲಿತು ಸಿಡಿ4 ಎಣಿಕೆ 100ರ ಕೆಳಗೆ ಇಳಿದವರಿಗೆ ಬರುವ ಕ್ರಿಪ್ಟೋಕಾಕಲ್ ಮೆನಿಂಜೈಟಿಸ್ ಶಿಲೀಂಧ್ರದ ಕಾಯಿಲೆ. ಆದ್ದರಿಂದ ಎಲ್ಲರ ಗಮನವೂ ಶಿಲೀಂಧ್ರ ಕೊಲ್ಲುವ ಔಷಧದ ಮೇಲಿರುತ್ತದೆ. ಆಂಫೊಟೆರಿಸಿನ್ ಬಂತೇ, ಎಷ್ಟು ವಯಲ್ ಬಂತು, ಕ್ರಿಯಾಟಿನಿನ್ ಎಷ್ಟಿದೆ ಎಂಬುದನ್ನು ರೌಂಡ್ಸ್‌ನಲ್ಲಿ ತಪ್ಪದೆ ಕೇಳುತ್ತಾರೆ. ನಿನ್ನೆ ಬೆನ್ನುನೀರಿನ ಒತ್ತಡ ಎಷ್ಟಿತ್ತು, ಇವತ್ತು ಎಷ್ಟಿದೆ ಎಂದು ಕೇಳುವವರು ಕಡಿಮೆ. ಆದರೆ ಮೊದಲ ಎರಡು ವಾರಗಳಲ್ಲಿ ಈ ರೋಗಿಗಳ ಪ್ರಾಣ ತೆಗೆಯುವ, ಕಣ್ಣು ಕಳೆಯುವ ದೊಡ್ಡ ಕಾರಣಗಳಲ್ಲಿ ಒಂದು ಈ ಒತ್ತಡವೇ. ಅದನ್ನು ಇಳಿಸಲು ಬೇಕಿರುವುದು ಒಂದು ಸೂಜಿ, ಒಂದು ಕೊಳವೆ, ಒಂದು ಸ್ಕೇಲು ಮತ್ತು ಮುಕ್ಕಾಲು ಗಂಟೆ ಬಿಡುವಿರುವ ಒಬ್ಬ ವೈದ್ಯರು. ಈ ಪತ್ರದ ಮುಖ್ಯ ಬೇಡಿಕೆ ಅದರ ಬಗ್ಗೆ. ಅದಕ್ಕೂ ಮೊದಲು, ರೋಗಿ ವಾರ್ಡಿಗೆ ತಲುಪುವುದೇ ತಡವಾಗುವುದು ಹೇಗೆಂದು ಹೇಳಬೇಕು.

ಮೆನಿಂಜೈಟಿಸ್ ಎಂದೊಡನೆ ಮನಸ್ಸಿಗೆ ಬರುವುದು ಜೋರು ಜ್ವರ, ಸೆಟೆದ ಕತ್ತು, ಒಂದೆರಡು ದಿನದಲ್ಲೇ ಪ್ರಜ್ಞೆ ತಪ್ಪುವ ರೋಗಿ. ಇಲ್ಲಿ ಹಾಗಾಗುವುದಿಲ್ಲ. ತಲೆನೋವು ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ಏರುತ್ತದೆ. ಜ್ವರ ಎಷ್ಟೋ ಜನರಿಗೆ ಇರುವುದಿಲ್ಲ, ಇದ್ದರೂ ಹೆಚ್ಚಾಗಿ ಸಂಜೆ ಮೈ ಸ್ವಲ್ಪ ಬೆಚ್ಚಗಾಗುವಷ್ಟು. ಬಹಳ ಜನರಿಗೆ ಕತ್ತು ಸೆಟೆದಿರುವುದಿಲ್ಲ. ಉರಿಯೂತ ಏಳಬೇಕಾದರೆ ದೇಹಕ್ಕೆ ರಕ್ಷಣಾ ಕಣಗಳು ಬೇಕು. ಈ ರೋಗಿಗಳಲ್ಲಿ ಅವೇ ಬತ್ತಿಹೋಗಿರುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಬೆಳೆಯುತ್ತದೆ. ಮಲಗಿದಾಗ, ಅದರಲ್ಲೂ ಬೆಳಗಿನ ಜಾವ ಹೆಚ್ಚಾಗುವ ತಲೆನೋವು, ಆಮೇಲೆ ವಾಂತಿ, ಆಮೇಲೆ ವಸ್ತುಗಳು ಎರಡೆರಡಾಗಿ ಕಾಣುವುದು, ಕಿವಿ ಮಂದವಾಗುವುದು, ಮನೆಯವರು ಗುರುತಿಸುವ ಒಂದು ಬಗೆಯ ಮಂಕು: ಸಾಮಾನ್ಯವಾಗಿ ಈ ಕ್ರಮದಲ್ಲಿ ಬರುತ್ತದೆ.

ಒಂದು ಉದಾಹರಣೆಯನ್ನು ಹಿಡಿದುಕೊಂಡೇ ಮುಂದೆ ಹೋಗೋಣ. ಇದು ಯಾರೊಬ್ಬರ ಕೇಸ್ ಶೀಟೂ ಅಲ್ಲ, ಕಾಯಿಲೆಯ ನಡೆ ಕಾಣಲೆಂದು ಕಟ್ಟಿಕೊಂಡದ್ದು. ಪೀಣ್ಯದ ಲೇತ್ ಶಾಪಿನಲ್ಲಿ ಕೆಲಸ ಮಾಡುವ 36 ವರ್ಷದವರು, ತೂಕ 50 ಕೆ.ಜಿ. ಐದು ವರ್ಷದ ಹಿಂದೆ ಎಆರ್‌ಟಿ ಶುರು ಮಾಡಿದ್ದರು. ಮನೆ ಬದಲಾಯಿಸಿದಾಗ ಕೇಂದ್ರ ದೂರವಾಯಿತು, ಮಾತ್ರೆ ನಿಂತು ಎರಡು ವರ್ಷವಾಯಿತು. (ಇಂದು ಈ ಕಾಯಿಲೆಗೆ ಬೀಳುವವರಲ್ಲಿ ಎಚ್‌ಐವಿ ಇದೆಯೆಂದೇ ತಿಳಿಯದವರು ಮಾತ್ರವಲ್ಲ, ಹೀಗೆ ಮಾತ್ರೆ ಬಿಟ್ಟವರೂ ಇದ್ದಾರೆ.) ತಲೆನೋವು ಶುರುವಾದ ಮೊದಲ ವಾರ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಪ್ಯಾರಾಸಿಟಮಾಲ್. ಎರಡನೇ ವಾರ ‘ಸೈನಸ್ ಇರಬಹುದು’ ಎಂದು ಆ್ಯಂಟಿಬಯೋಟಿಕ್. ನಡುವೆ ವಿಡಾಲ್ ಟೆಸ್ಟ್ ಮಾಡಿಸಿ ‘ಟೈಫಾಯ್ಡ್ ಸ್ವಲ್ಪ ಇದೆ’ ಎಂಬ ಮಾತು. ಮೂರನೇ ವಾರ ಜಾಲಹಳ್ಳಿ ಕ್ರಾಸಿನಲ್ಲಿ ರಸ್ತೆ ದಾಟುವಾಗ ಒಂದು ಬಸ್ಸು ಎರಡಾಗಿ ಕಂಡು ಕನ್ನಡಕದ ಅಂಗಡಿಗೆ ಹೋಗುತ್ತಾರೆ. ಎರಡೆರಡು ಕಾಣುವುದು ಪವರ್ ಬದಲಾದದ್ದಕ್ಕಲ್ಲ. ಒಳಗಿನ ಒತ್ತಡಕ್ಕೆ ಸಿಕ್ಕ ಆರನೇ ನರ ಸೋತು ಕಣ್ಣು ಹೊರಕ್ಕೆ ತಿರುಗದಂತಾಗಿರುವುದು ಕಾರಣ. ‘ಬೆರಳು ನೋಡಿ’ ಎಂದು ಪಕ್ಕಕ್ಕೆ ಸರಿಸಿದರೆ ಅರ್ಧ ನಿಮಿಷದಲ್ಲಿ ಅದು ಕಾಣಿಸುತ್ತಿತ್ತು.

ಇವರು ಯಾವುದೇ ಬಾಗಿಲಿಗೆ ಬಂದಿದ್ದರೂ ಮೊದಲು ಮಾಡಬೇಕಿದ್ದ ಪರೀಕ್ಷೆ ಒಂದೇ, ಕ್ರ್ಯಾಗ್. ಈ ಶಿಲೀಂಧ್ರದ ಮೈಮೇಲೆ ಲೋಳೆಯಂಥ ದಪ್ಪ ಸಕ್ಕರೆಯ ಹೊದಿಕೆ ಇರುತ್ತದೆ. ಅದು ಕಳಚಿ ರಕ್ತಕ್ಕೂ ಬೆನ್ನುನೀರಿಗೂ ಸೇರುತ್ತದೆ. ಕ್ರ್ಯಾಗ್ ಪಟ್ಟಿ ಹುಡುಕುವುದು ಆ ಹೊದಿಕೆಯನ್ನು. ಪುಟ್ಟ ಟ್ಯೂಬಿಗೆ ಕಿಟ್ಟಿನ ದ್ರಾವಣ ಒಂದು ಹನಿ, 40 ಮೈಕ್ರೋಲೀಟರ್ ಸೀರಂ ಅಥವಾ ಬೆನ್ನುನೀರು ಹಾಕಿ, ಪಟ್ಟಿಯನ್ನು ಇಳಿಬಿಟ್ಟು, 10 ನಿಮಿಷಕ್ಕೆ ನೋಡಬೇಕು. ಎರಡು ಗೆರೆ ಬಂದರೆ ಪಾಸಿಟಿವ್, ಎರಡನೆಯದು ಎಷ್ಟೇ ಮಸುಕಾಗಿದ್ದರೂ ಸರಿ. ಒಂದೇ ಗೆರೆ ಕಂಟ್ರೋಲ್ ಜಾಗದಲ್ಲಿ ಬಂದರೆ ನೆಗೆಟಿವ್. ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಪಟ್ಟಿ ಲೆಕ್ಕಕ್ಕಿಲ್ಲ, ಹೊಸದರಲ್ಲಿ ಮತ್ತೆ ಮಾಡಬೇಕು. ಫ್ರಿಜ್ಜೂ ಬೇಡ, ಯಂತ್ರವೂ ಬೇಡ.

ಹಳೆಯ ಇಂಡಿಯಾ ಇಂಕ್ ಪರೀಕ್ಷೆ ನಮ್ಮ ಲ್ಯಾಬುಗಳಿಗೆಲ್ಲ ಚಿರಪರಿಚಿತ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಪ್ರಭಾವಳಿ ಹೊತ್ತ ದುಂಡು ಯೀಸ್ಟು ಕಂಡರೆ ಅನುಮಾನ ಉಳಿಯುವುದಿಲ್ಲ. ಕಾಣದಿದ್ದರೆ ಮಾತ್ರ ನಿಶ್ಚಿಂತೆಯಿಲ್ಲ, ಯೀಸ್ಟು ಕಡಿಮೆಯಿರುವ ಶುರುವಿನ ದಿನಗಳಲ್ಲಿ ಅದು ಗಣನೀಯ ಸಂಖ್ಯೆಯ ರೋಗಿಗಳನ್ನು ತಪ್ಪಿಸಿಬಿಡುತ್ತದೆ. ಹಿಡಿಯಬೇಕಾದದ್ದು ಆ ಶುರುವಿನಲ್ಲೇ. ಕ್ರ್ಯಾಗ್‌ಗೂ ಒಂದು ಮೋಸದ ಜಾಗ ಇದೆ: ಹೊದಿಕೆಯ ಅಂಶ ವಿಪರೀತ ಹೆಚ್ಚಿದ್ದರೆ ಗೆರೆ ಮಸುಕಾಗಬಹುದು, ಮೂಡದೆಯೂ ಇರಬಹುದು. ರೋಗಲಕ್ಷಣ ಬಲವಾಗಿದ್ದು ಪಟ್ಟಿ ನೆಗೆಟಿವ್ ಎಂದರೆ ಮಾದರಿಯನ್ನು ತೆಳುಮಾಡಿ ಮತ್ತೊಮ್ಮೆ ಹಾಕಿ ನೋಡಬೇಕು. ಇನ್ನೊಂದು ಮಾತು, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಕ್ರ್ಯಾಗ್ ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ. ಶಿಲೀಂಧ್ರ ಸತ್ತ ಮೇಲೂ ಹೊದಿಕೆಯ ಚೂರುಗಳು ತಿಂಗಳುಗಟ್ಟಲೆ ಉಳಿಯುತ್ತವೆ.

ನಾವು ಕಾಣುವ ತೊಡಕು ಪಟ್ಟಿಯದಲ್ಲ, ಪಟ್ಟಿ ಇರುವ ಜಾಗದ್ದು. ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿ ಮೂರು ದಿನಕ್ಕೆ ವರದಿ ಬರುವುದಾದರೆ, 10 ನಿಮಿಷದ ಪರೀಕ್ಷೆಯ ಪ್ರಯೋಜನವೇ ಹೋಯಿತು. ಸಿಡಿ4 100ರ ಕೆಳಗಿದ್ದವರೆಲ್ಲರಿಗೂ, ತಲೆನೋವು ಇರಲಿ ಇಲ್ಲದಿರಲಿ, ಎಆರ್‌ಟಿ ಶುರು ಮಾಡುವ ಮೊದಲು ಅಥವಾ ಮರಳಿ ಶುರು ಮಾಡುವ ಮೊದಲು ರಕ್ತದಲ್ಲಿ ಕ್ರ್ಯಾಗ್ ನೋಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 200ರ ಕೆಳಗಿನವರಿಗೂ ಮಾಡಬಹುದು ಎನ್ನುತ್ತದೆ. ಪಾಸಿಟಿವ್ ಬಂದವರಿಗೆ ಲಕ್ಷಣ ಇಲ್ಲದಿದ್ದರೂ ಸಾಧ್ಯವಾದರೆ ಬೆನ್ನುನೀರು ನೋಡಬೇಕು. ಸೋಂಕು ಮೆದುಳಿಗೆ ಹರಡಿಲ್ಲದಿದ್ದರೆ ಫ್ಲುಕೊನಜೋಲ್ ಮಾತ್ರೆಯಲ್ಲೇ ತಡೆಯಬಹುದು.

ಇದಕ್ಕೆ ‘ಬಂದ ದಿನವೇ ಎಆರ್‌ಟಿ’ ಎಂಬ ನೀತಿ ಅಡ್ಡ ಬರುತ್ತದೆ. ಉಳಿದವರಿಗೆ ಆ ನೀತಿ ಬಹಳ ಒಳ್ಳೆಯದು. ಆದರೆ ವಾರಗಟ್ಟಲೆಯ ತಲೆನೋವಿದೆ ಎಂದವರಿಗೆ ಅಂದೇ ಮಾತ್ರೆ ಕೊಟ್ಟು ಕಳಿಸುವುದು ಅಪಾಯ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ಮೆನಿಂಜೈಟಿಸ್ ಇದ್ದವರಿಗೆ ಒಂದೆರಡು ವಾರದಲ್ಲೇ ಎಆರ್‌ಟಿ ಶುರು ಮಾಡಿದಾಗ ಸತ್ತವರು, ಐದು ವಾರ ತಡೆದು ಶುರು ಮಾಡಿದವರಿಗಿಂತ ಹೆಚ್ಚಾಗಿದ್ದರು. ಶಿಲೀಂಧ್ರ ತುಂಬಿರುವಾಗಲೇ ರಕ್ಷಣಾ ಕಣಗಳು ಎದ್ದು ನಿಂತರೆ ಮೆದುಳಿನಲ್ಲಿ ಉರಿಯೂತ ಭುಗಿಲೇಳುತ್ತದೆ. ಆದ್ದರಿಂದ 4ರಿಂದ 6 ವಾರ ಕಾಯಬೇಕು. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಮೇಜಿನ ಮೇಲೆ ‘ತಲೆನೋವು ಇದೆಯಾ, ಎಷ್ಟು ದಿನದಿಂದ?’ ಎಂಬ ಒಂದು ಸಾಲು ಅಂಟಿಸಿದರೂ ಈ ತಪ್ಪು ಬಹಳ ಮಟ್ಟಿಗೆ ತಪ್ಪುತ್ತದೆ.

ಈಗ ಒತ್ತಡಕ್ಕೆ ಬರೋಣ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ನೀರು ಇರುತ್ತದೆ. ದೇಹ ದಿನಕ್ಕೆ ಸುಮಾರು 500 ಮಿ.ಲೀ., ಅಂದರೆ ಗಂಟೆಗೆ 20 ಮಿ.ಲೀ.ನಷ್ಟು ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಅಷ್ಟೇ ನೀರು ಮೆದುಳಿನ ಮೇಲ್ಭಾಗದ ಸಣ್ಣ ಜಾಲರಿಗಳ ಮೂಲಕ ರಕ್ತಕ್ಕೆ ಇಂಗಿ ಹೋಗಬೇಕು. ಶಿಲೀಂಧ್ರ ಮತ್ತು ಅದರ ಲೋಳೆ ಕಟ್ಟಿಕೊಳ್ಳುವುದು ಈ ಜಾಲರಿಯಲ್ಲಿ. ಸಿಂಕಿನ ಜಾಲರಿಗೆ ಗಂಜಿ ಮೆತ್ತಿಕೊಂಡಿದೆ, ಮೇಲೆ ನಲ್ಲಿ ಮಾತ್ರ ನಿಲ್ಲುತ್ತಿಲ್ಲ ಎಂದುಕೊಳ್ಳಿ. ಆಂಫೊಟೆರಿಸಿನ್‌ಗೆ ಆ ಗಂಜಿಯನ್ನು ಕರಗಿಸಲು ದಿನಗಳು ಬೇಕು. ಅಲ್ಲಿಯವರೆಗೆ ತುಂಬಿದ ನೀರನ್ನು ಕೆಳಗಿನಿಂದ ತೆಗೆಯುತ್ತಿರಬೇಕು.

ಈ ಚಿತ್ರ ಮನಸ್ಸಿನಲ್ಲಿದ್ದರೆ ವಾರ್ಡಿನ ಮೂರು ಗೊಂದಲಗಳು ತಾವಾಗಿಯೇ ತಿಳಿಯಾಗುತ್ತವೆ. ಮೊದಲನೆಯದು, ‘ಸಿ.ಟಿ. ನಾರ್ಮಲ್ ಇದೆ, ಒತ್ತಡ ಇರಲಾರದು’ ಎಂಬುದು. ತಡೆ ಇರುವುದು ಕೊನೆಯ ಜಾಲರಿಯಲ್ಲಿ, ಆದ್ದರಿಂದ ಒತ್ತಡ ಎಲ್ಲ ಕಡೆ ಒಂದೇ ಸಮ ಏರುತ್ತದೆ. ಮೆದುಳಿನ ಕೋಣೆಗಳು ಉಬ್ಬಬೇಕೆಂದಿಲ್ಲ, ಸಿ.ಟಿ. ಸರಿಯಾಗಿಯೇ ಕಾಣಬಹುದು. ಎರಡನೆಯದು, ‘ಒತ್ತಡ ಇದೆ, ಆದ್ದರಿಂದ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವ ಎಲ್‌ಪಿ ಮಾಡಬಾರದು’ ಎಂಬುದು. ಗಡ್ಡೆಯೋ ಬಾವೋ ಒಂದು ಪಕ್ಕದಿಂದ ಮೆದುಳನ್ನು ನೂಕುತ್ತಿದ್ದರೆ ಆ ಭಯ ನ್ಯಾಯವೇ. ಹಾಗಾಗಿ ಒಂದು ಪಕ್ಕದ ಕೈಕಾಲು ಸೋತಿದ್ದರೆ, ಫಿಟ್ಸ್ ಬಂದಿದ್ದರೆ, ಪ್ರಜ್ಞೆ ಕುಂದಿದ್ದರೆ ಮೊದಲು ಸಿ.ಟಿ. ಆಗಲಿ, ಅದೂ ಅದೇ ದಿನ. ಎಲ್ಲ ಕಡೆ ಸಮನಾಗಿ ಒತ್ತಡ ಏರಿದಾಗ ಮಾತ್ರ ಎಲ್‌ಪಿಯೇ ಚಿಕಿತ್ಸೆ. ಕಣ್ಣಿನ ನರ ಊದಿರುವುದು ಅದನ್ನು ಬೇಗ ಮಾಡಲು ಕಾರಣವೇ ಹೊರತು ಬಿಡಲು ಕಾರಣವಲ್ಲ. ಸೂಜಿ ಚುಚ್ಚುವ ಜಾಗದಲ್ಲಿ ಸೋಂಕಿದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಇದ್ದರೆ ಮಾತು ಬೇರೆ. ಮೂರನೆಯದು ‘ನಿನ್ನೆ ತಾನೇ 25 ಮಿ.ಲೀ. ತೆಗೆದೆವಲ್ಲ’ ಎಂಬ ಸಮಾಧಾನ. ಗಂಟೆಗೆ 20 ಮಿ.ಲೀ. ತಯಾರಾಗುವ ಲೆಕ್ಕದಲ್ಲಿ, ತೆಗೆದಷ್ಟು ನೀರು ಒಂದೂವರೆ ಗಂಟೆಯೊಳಗೆ ಮತ್ತೆ ತುಂಬಿರುತ್ತದೆ. ಇಳಿಸಿದ ಒತ್ತಡ ಅಷ್ಟು ಬೇಗ ಹಳೆಯ ಮಟ್ಟಕ್ಕೆ ಏರುವುದಿಲ್ಲ ನಿಜ, ಆದರೆ ಜಾಲರಿ ಬಿಡಿಸಿಕೊಳ್ಳುವವರೆಗೆ ಏರುವುದಂತೂ ನಿಲ್ಲುವುದಿಲ್ಲ.

ಅಳೆಯುವ ಕ್ರಮವನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ‘ಪ್ರೆಷರ್ ಹೈ ಇತ್ತು, ಧಾರೆಯಾಗಿ ಬಂತು’ ಎಂದು ಬರೆದ ಟಿಪ್ಪಣಿಗಳನ್ನು ಇಂದಿಗೂ ಕಾಣುತ್ತೇವೆ. ಧಾರೆ ನೋಡಿ ಒತ್ತಡ ಹೇಳಲು ಆಗುವುದಿಲ್ಲ. ರೋಗಿ ಪಕ್ಕಕ್ಕೆ ಮಲಗಿರಬೇಕು. ಕೂತಾಗ ಬರುವ ಅಂಕಿ ನಂಬಲರ್ಹವಲ್ಲ. ಸೊಂಟದ 3 ಮತ್ತು 4ನೇ ಅಥವಾ 4 ಮತ್ತು 5ನೇ ಮೂಳೆಗಳ ನಡುವೆ ಸೂಜಿ ಹೋಗಿ ನೀರು ಕಂಡೊಡನೆ, ಮಡಚಿದ ಮೊಣಕಾಲುಗಳನ್ನು ಮೆಲ್ಲಗೆ ಸಡಿಲಿಸಿ, ಬಾಗಿಸಿದ ಕತ್ತನ್ನು ನೇರ ಮಾಡಿಸಿ, ಒಂದೆರಡು ಉಸಿರು ಆರಾಮವಾಗಿ ಬಿಡಲು ಹೇಳಬೇಕು. ಹೊಟ್ಟೆ ಒತ್ತಿಕೊಂಡಿದ್ದರೆ ಇಲ್ಲದ ಒತ್ತಡವೂ ತೋರುತ್ತದೆ. ಬಳಿಕ ಥ್ರೀ-ವೇ ಸಿಕ್ಕಿಸಿ ಮ್ಯಾನೋಮೀಟರ್ ನೆಟ್ಟಗೆ ಹಿಡಿದರೆ ನೀರು ಏರುತ್ತ ಹೋಗಿ ಒಂದು ಕಡೆ ನಿಂತು ಉಸಿರಿನ ಜೊತೆ ಮೆಲ್ಲಗೆ ತೂಗಾಡುತ್ತದೆ. ಆ ಎತ್ತರವೇ ಒತ್ತಡ.

ಮ್ಯಾನೋಮೀಟರ್ ಸ್ಟಾಕ್ ಇಲ್ಲ ಎಂಬ ಕಾರಣಕ್ಕೆ ಅಳತೆ ನಿಲ್ಲಬೇಕಾಗಿಲ್ಲ. ಸ್ಟೆರೈಲ್ ಡ್ರಿಪ್ ಎಕ್ಸ್‌ಟೆನ್ಷನ್ ಕೊಳವೆಯನ್ನು ಸೂಜಿಗೆ ಸಿಕ್ಕಿಸಿ, ಡ್ರಿಪ್ ಸ್ಟ್ಯಾಂಡಿಗೆ ನೆಟ್ಟಗೆ ಹಿಡಿದು, ಸೂಜಿಯ ಮಟ್ಟದಿಂದ ನೀರು ನಿಂತ ಎತ್ತರವನ್ನು ಟೇಪಿನಲ್ಲಿ ಸೆಂಟಿಮೀಟರ್‌ನಲ್ಲಿ ಅಳೆದರೆ ಸಾಕು. ಅಳತೆ ಶುರುವಾಗಬೇಕಾದದ್ದು ಸೂಜಿಯಿಂದ, ಮಂಚದಿಂದಲ್ಲ; ಹೊಸಬರು ಎಡವುವುದು ಇಲ್ಲೇ. ಕೊಳವೆಯನ್ನು ಮುಟ್ಟುವವರು ಒಬ್ಬರು, ಟೇಪು ಹಿಡಿಯುವವರು ಇನ್ನೊಬ್ಬರು ಆಗಿದ್ದರೆ ಸ್ಟೆರೈಲ್ ಕೈ ಕೆಡುವುದಿಲ್ಲ. ಸೂಜಿ ತೀರ ಸಣ್ಣದಾದರೆ ನೀರು ಹನಿಹನಿಯಾಗಿ ಬಂದು ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ರೋಗಿಗೂ ವೈದ್ಯರಿಗೂ ಸಾಕಾಗಿ 10 ಮಿ.ಲೀ.ಗೇ ಮುಗಿಸಿಬಿಡುತ್ತಾರೆ. ಒತ್ತಡ ಇಳಿಸುವ ಎಲ್‌ಪಿಗೆ 20 ಅಥವಾ 22 ಗೇಜ್ ಸೂಜಿ ತೆಗೆದುಕೊಳ್ಳುವುದು ಒಳ್ಳೆಯದು. ಹೊರತೆಗೆಯುವ ಮೊದಲು ಸ್ಟೈಲೆಟ್ ಮತ್ತೆ ಒಳಗೆ ಹಾಕಬೇಕು.

ಆ 36ರವರು ಗುರುವಾರ ದಾಖಲಾಗುತ್ತಾರೆ ಎಂದುಕೊಳ್ಳೋಣ. ಸಿಡಿ4 38, ರಕ್ತದ ಕ್ರ್ಯಾಗ್ ಪಾಸಿಟಿವ್. ಶುರುವಿನ ಒತ್ತಡ 42 ಸೆಂ.ಮೀ. ಸಾಮಾನ್ಯವಾಗಿ 20ರ ಒಳಗಿರಬೇಕು, 25 ದಾಟಿದರೆ ಇಳಿಸಬೇಕು. 20ಕ್ಕಿಂತ ಕೆಳಗೆ ತರುವುದು, ವಿಪರೀತ ಹೆಚ್ಚಿದ್ದರೆ ಶುರುವಿನ ಅರ್ಧಕ್ಕೆ ತರುವುದು ಗುರಿ. 10 ಮಿ.ಲೀ. ತೆಗೆದು ಅಳೆದಾಗ 33, ಇನ್ನೂ 10 ತೆಗೆದಾಗ 25, ಮತ್ತೆ 5 ತೆಗೆದಾಗ 20. ಒಟ್ಟು 25 ಮಿ.ಲೀ. ಅಲ್ಲಿ ನಿಲ್ಲಿಸಿದರು. ಮೂರು ವಾರದ ತಲೆನೋವು ಟೇಬಲ್ಲಿನ ಮೇಲೆಯೇ ಹಗುರಾಯಿತು. ಎಷ್ಟೋ ರೋಗಿಗಳಲ್ಲಿ ಹಾಗೇ ಆಗುತ್ತದೆ. ಮಾರ್ಫಿನ್‌ಗೂ ಬಗ್ಗದ ನೋವು ನೀರು ಇಳಿದೊಡನೆ ಬಗ್ಗುತ್ತದೆ.

ಬೆನ್ನುನೀರಿನ ವರದಿ ಬಂತು: ಕಣಗಳು 4, ಪ್ರೋಟೀನ್ 55, ಸಕ್ಕರೆ 45. ಗೊತ್ತಿಲ್ಲದವರು ನೋಡಿದರೆ ‘ಹೆಚ್ಚುಕಡಿಮೆ ನಾರ್ಮಲ್’ ಎಂದು ಫೈಲ್ ಮುಚ್ಚುತ್ತಾರೆ. ಉರಿಯೂತವೇ ಏಳದ ದೇಹದಲ್ಲಿ ಕಣಗಳು ಬರುವುದೆಲ್ಲಿಂದ? ಬೆನ್ನುನೀರಿನ ಕ್ರ್ಯಾಗ್ ಮತ್ತು ಕಲ್ಚರ್ ಕೇಳದೆ ‘ರೊಟೀನ್’ ಎಂದಷ್ಟೇ ಬರೆದು ಕಳಿಸಿದರೆ ರೋಗ ಕೈತಪ್ಪುವುದು ಹೀಗೆ. ಕಣಗಳು ಸ್ವಲ್ಪ ಹೆಚ್ಚಿದ್ದರೆ ಇನ್ನೊಂದು ತಪ್ಪು ಕಾಯುತ್ತಿರುತ್ತದೆ: ‘ಟಿ.ಬಿ. ಮೆನಿಂಜೈಟಿಸ್’ ಎಂದು ಡೆಕ್ಸಾಮೆಥಸೋನ್ ಶುರು. ಟಿ.ಬಿ.ಗೆ ಅದು ಸಲ್ಲುತ್ತದೆ, ಇದಕ್ಕೆ ಸಲ್ಲುವುದಿಲ್ಲ. ಏಷ್ಯಾ ಮತ್ತು ಆಫ್ರಿಕಾದ ಆರು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಸ್ಟೆರಾಯ್ಡ್ ಪಡೆದವರಿಗೆ ಅಂಗವೈಕಲ್ಯ ಹೆಚ್ಚಾಯಿತು, ಶಿಲೀಂಧ್ರ ತೊಲಗುವುದೂ ನಿಧಾನವಾಯಿತು, ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಒತ್ತಡ ಇಳಿಸಲೆಂದು ಮ್ಯಾನಿಟಾಲ್, ಅಸೆಟಜೋಲಮೈಡ್ ಬರೆಯುವ ರೂಢಿಯೂ ಇದೆ. ಜಾಲರಿ ಕಟ್ಟಿಕೊಂಡದ್ದಕ್ಕೆ ಅವು ಪರಿಹಾರವಲ್ಲ, ಮೇಲಾಗಿ ಎರಡನೆಯದು ಕೆಡುಕನ್ನೇ ಮಾಡಿದ್ದು ಪ್ರಯೋಗದಲ್ಲಿ ಕಂಡಿದೆ.

ಔಷಧವನ್ನು ಚಿಕ್ಕದಾಗಿ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಮೊದಲ ಆಯ್ಕೆಯಾಗಿ ಹೇಳುವುದು ಲೈಪೋಸೋಮಲ್ ಆಂಫೊಟೆರಿಸಿನ್ ಒಂದೇ ಬಾರಿ ಕೆ.ಜಿ.ಗೆ 10 ಮಿ.ಗ್ರಾಂ., ಜೊತೆಗೆ 14 ದಿನ ಫ್ಲೂಸೈಟೋಸಿನ್ ಮತ್ತು ದಿನಕ್ಕೆ 1200 ಮಿ.ಗ್ರಾಂ. ಫ್ಲುಕೊನಜೋಲ್. 50 ಕೆ.ಜಿ.ಯ ಇವರಿಗೆ ಅದು 500 ಮಿ.ಗ್ರಾಂ., ಅಂದರೆ 50 ಮಿ.ಗ್ರಾಂ.ನ 10 ವಯಲ್, ಒಂದೇ ದಿನ. ಫ್ಲೂಸೈಟೋಸಿನ್ ದಿನಕ್ಕೆ 5 ಗ್ರಾಂ., ನಾಲ್ಕು ಪಾಲು ಮಾಡಿ ಆರು ಗಂಟೆಗೊಮ್ಮೆ 1250 ಮಿ.ಗ್ರಾಂ., ಅಂದರೆ 500ರ ಮಾತ್ರೆ ಎರಡೂವರೆ. ಮೂತ್ರಪಿಂಡ ಸೋತಿದ್ದರೆ ಇದನ್ನು ಕಡಿಮೆ ಮಾಡಬೇಕು. ಆಂಫೊಟೆರಿಸಿನ್ ಯಾವ ಬಗೆಯದಾದರೂ 5% ಡೆಕ್ಸ್‌ಟ್ರೋಸ್‌ನಲ್ಲೇ ಹೋಗಬೇಕು, ಸಲೈನ್‌ಗೆ ಬೆರೆಸಿದರೆ ಒಡೆಯುತ್ತದೆ. ಹಳೆಯ ಬಗೆಯದನ್ನು ದಿನವೂ ಕೊಡುವಾಗ ಮುಂಚೆ ಒಂದು ಲೀಟರ್ ಸಲೈನ್ ಮತ್ತು ಪೊಟ್ಯಾಸಿಯಂ ಕೊಟ್ಟು, ಕ್ರಿಯಾಟಿನಿನ್, ಪೊಟ್ಯಾಸಿಯಂ ವಾರಕ್ಕೆ ಎರಡು ಮೂರು ಸಲ ನೋಡದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ.

ಶುಕ್ರವಾರ ಒತ್ತಡ 34, 20 ಮಿ.ಲೀ. ತೆಗೆದು 17ಕ್ಕೆ ತಂದರು. ಶನಿವಾರ ಬೆಳಿಗ್ಗೆ ರೋಗಿ ಎದ್ದು ಕೂತು ಇಡ್ಲಿ ತಿಂದಿದ್ದಾರೆ. ‘ತಲೆನೋವು ಕಡಿಮೆ ಸಾರ್’ ಎನ್ನುತ್ತಾರೆ. ಕೇಸ್ ಶೀಟಿನಲ್ಲಿ ‘ಅಗತ್ಯ ಬಿದ್ದರೆ ಎಲ್‌ಪಿ’ ಎಂದು ಬರೆದು ರೌಂಡ್ಸ್ ಮುಂದೆ ಹೋಗುತ್ತದೆ. ಭಾನುವಾರ ಡ್ಯೂಟಿಯಲ್ಲಿರುವ ಒಬ್ಬ ವೈದ್ಯರಿಗೆ ಮೂರು ವಾರ್ಡು. ಸಂಜೆ ತಲೆನೋವು ಮರಳುತ್ತದೆ, ಟ್ರಾಮಡಾಲ್ ಬೀಳುತ್ತದೆ. ಸೋಮವಾರ ಬೆಳಗಿನ ಜಾವ ವಾಂತಿ, ಮಂಪರು, ‘ದೀಪ ಹಾಕಿ’ ಎಂಬ ಮಾತು. ದೀಪ ಉರಿಯುತ್ತಲೇ ಇರುತ್ತದೆ. ಸೂಜಿ ಹಾಕಿದರೆ 55 ಸೆಂ.ಮೀ. ಮ್ಯಾನೋಮೀಟರಿನ ಬಾಯಿಂದ ನೀರು ಹೊರಗೆ ಚೆಲ್ಲುತ್ತದೆ. ಒತ್ತಡವನ್ನು ಇಳಿಸಬಹುದು. ಆದರೆ ಕಣ್ಣಿನ ನರ ಅಷ್ಟು ಹೊತ್ತು ಹಿಸುಕಿಕೊಂಡಿದ್ದರೆ ದೃಷ್ಟಿ ಮರಳುತ್ತದೆ ಎಂಬ ಭರವಸೆ ಕೊಡಲಾಗುವುದಿಲ್ಲ.

ಇಲ್ಲಿ ಎಡವಿದ ಜಾಗ ಶನಿವಾರ. 25 ದಾಟಿದ್ದ ಒತ್ತಡ ಸತತ ಎರಡು ದಿನಕ್ಕೂ ಹೆಚ್ಚು ಹಿಡಿತದಲ್ಲಿದ್ದು ಲಕ್ಷಣಗಳೂ ಸ್ಥಿರವಾಗುವವರೆಗೆ ದಿನವೂ ಎಲ್‌ಪಿ ಮಾಡಬೇಕೆಂಬುದು ನಿಯಮ. ಶುಕ್ರವಾರದ 17 ಎಂಬುದು ನೀರು ತೆಗೆದ ಮೇಲಿನ ಅಂಕಿ, ಸೂಜಿ ಹಾಕಿದೊಡನೆ ಸಿಕ್ಕದ್ದು 34. ಲೆಕ್ಕಕ್ಕೆ ಹಿಡಿಯಬೇಕಾದದ್ದು ಯಾವಾಗಲೂ ಶುರುವಿನ ಅಂಕಿಯನ್ನು. ‘ನಿನ್ನೆ ಪ್ರೆಷರ್ 17 ಇತ್ತು’ ಎಂದು ಶನಿವಾರದವರು ಓದಿಕೊಂಡದ್ದೇ ಮೋಸವಾಯಿತು. ಆ ಶನಿವಾರ, ಭಾನುವಾರ ಎರಡೂ ದಿನ ಅಳೆದಿದ್ದರೆ ಒತ್ತಡ 55ಕ್ಕೆ ಏರಲು ಅವಕಾಶವೇ ಇರುತ್ತಿರಲಿಲ್ಲ. ಮುಂದಿನ ಓಟವೂ ನೇರವಾಗಿರುವುದಿಲ್ಲ: ಮಂಗಳವಾರ 38, ಬುಧವಾರ 30, ಗುರುವಾರ 31, ಶುಕ್ರವಾರ 24, ಶನಿವಾರ 21, ಭಾನುವಾರ 19. ಹೀಗೆ ಇಳಿದ ಮೇಲೆ ದಿನದ ಎಲ್‌ಪಿ ನಿಲ್ಲಿಸಬಹುದು. ತಲೆನೋವು ಮರಳಿದರೆ ಅದೇ ದಿನ ಮತ್ತೆ. ದಿನವೂ ತೆಗೆದರೂ ಬಗ್ಗದಿದ್ದರೆ ತಾತ್ಕಾಲಿಕ ಲಂಬಾರ್ ಡ್ರೇನ್ ಹಾಕಲು ನರಶಸ್ತ್ರ ವೈದ್ಯರನ್ನು ಕರೆಯಬೇಕು.

ಮೊದಲ ದಿನದ ಅಂಕಿ ಸಾಧಾರಣವಿದ್ದವರನ್ನು ಬಿಟ್ಟುಬಿಡಬಹುದೇ? ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ 2014ರ ಪ್ರಯೋಗದ ರೋಗಿಗಳನ್ನೇ ಗಮನಿಸಿ ಬರೆದ ಇನ್ನೊಂದು ಅಧ್ಯಯನದಲ್ಲಿ, ಮೊದಲ ಎಲ್‌ಪಿಯ ನಂತರ ಒಮ್ಮೆಯಾದರೂ ಮತ್ತೆ ನೀರು ಇಳಿಸಿಕೊಂಡವರಲ್ಲಿ ಆರಂಭದ ದಿನಗಳ ಸಾವಿನ ಅಪಾಯ 69% ಕಡಿಮೆ ಇತ್ತು, ಶುರುವಿನ ಒತ್ತಡ ಎಷ್ಟೇ ಇದ್ದಿರಲಿ. ಚೀಟಿ ಎತ್ತಿ ಹಂಚಿದ ಪ್ರಯೋಗ ಅದಲ್ಲ, ಆದ್ದರಿಂದ ಅಂಕಿಯನ್ನು ಎಚ್ಚರದಿಂದ ಓದಬೇಕು. ಆದರೂ ಎಲ್ಲರಿಗೂ ಮೂರನೇ ದಿನದೊಳಗೆ ಎರಡನೇ ಎಲ್‌ಪಿ ಮಾಡಲು ಅಷ್ಟು ಸಾಕ್ಷ್ಯ ಸಾಕು.

ಮನೆಯವರ ಮಾತಿಗೆ ಬಂದರೆ, ‘ಬೆನ್ನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತೆ’, ‘ನೀರು ತೆಗೆದವರು ಉಳಿಯಲ್ಲ’ ಎಂಬ ಭಯ ಎರಡನೇ ಸಲ ಸಹಿ ಕೇಳುವಾಗ ಇನ್ನೂ ಗಟ್ಟಿಯಾಗುತ್ತದೆ. ‘ಟೆಸ್ಟ್‌ಗೆ ಒಂದು ಸಲ ತೆಗೆದ್ರಲ್ಲ, ಮತ್ತೆ ಯಾಕೆ?’ ಎಂದೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅದು. ಮೊದಲ ದಿನವೇ ‘ಇದು ಪರೀಕ್ಷೆಯಷ್ಟೇ ಅಲ್ಲ ಕಣಮ್ಮ, ಔಷಧಿ ಥರ; ದಿನಾ ಮಾಡಬೇಕಾಗಬಹುದು, ಎಂಟು ಹತ್ತು ಸಲವೂ ಆಗಬಹುದು’ ಎಂದು ಕೂರಿಸಿ ಹೇಳಿದ್ದರೆ ಅದು ಏಳುತ್ತಿರಲಿಲ್ಲ. ಬೆನ್ನುಹುರಿ ಸೊಂಟದ ಮೊದಲ, ಎರಡನೆಯ ಮೂಳೆಯ ಮಟ್ಟಕ್ಕೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ ಎಂದು ಅವರದೇ ಬೆನ್ನಿನ ಮೇಲೆ ಬೆರಳಿಟ್ಟು ತೋರಿಸಬಹುದು. ಎಲ್‌ಪಿ ಆದ ಮೇಲೆ ಎದ್ದು ಕೂತಾಗ ಹೆಚ್ಚಾಗಿ ಮಲಗಿದಾಗ ಇಳಿಯುವ ತಲೆನೋವು ಸೂಜಿಯದು. ಮಲಗಿದಾಗಲೇ ಹೆಚ್ಚಾಗುವುದು ಒತ್ತಡದ್ದು, ಅದಕ್ಕೆ ಮತ್ತೆ ನೀರು ತೆಗೆಯಬೇಕು. ಈ ವ್ಯತ್ಯಾಸವನ್ನು ಆರೈಕೆಗೆ ಕೂತವರಿಗೆ ಕಲಿಸಿಟ್ಟರೆ ರಾತ್ರಿ ಪಾಳಿಯ ನರ್ಸಿಗೆ ಅವರೇ ಸರಿಯಾಗಿ ಹೇಳುತ್ತಾರೆ.

‘ಇದು ಪಾರಿವಾಳದಿಂದ ಬಂತಾ?’ ಎಂಬ ಪ್ರಶ್ನೆಯೂ ತಪ್ಪದೆ ಬರುತ್ತದೆ. ಹಕ್ಕಿಯ ಹಿಕ್ಕೆ, ಮಣ್ಣು, ಕೊಳೆತ ಮರದಲ್ಲಿ ಈ ಶಿಲೀಂಧ್ರ ಇರುವುದು ನಿಜ, ಉಸಿರಿನ ಜೊತೆ ಒಳಗೆ ಹೋಗುವುದೂ ನಿಜ. ಆದರೆ ಅದು ವರ್ಷಗಳ ಹಿಂದೆಯೇ ಹೋಗಿ ಸುಮ್ಮನಿದ್ದಿರಬಹುದು, ನಮ್ಮೆಲ್ಲರ ಉಸಿರಿಗೂ ಸಿಕ್ಕಿರಬಹುದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ಕಾಳು ಹಾಕುವವರ ಜೊತೆಗಿನ ಜಗಳವನ್ನು ಬೇರೆ ಕಾರಣಕ್ಕೆ ಆಡಬಹುದು.

ನಮ್ಮ ಬೇಡಿಕೆಗಳು ಇಷ್ಟು. ಪ್ರತಿ ಎಆರ್‌ಟಿ ಕೇಂದ್ರದಲ್ಲೂ, ಪ್ರತಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲೂ ಕ್ರ್ಯಾಗ್ ಪಟ್ಟಿ ಇರಲಿ, ಫಲಿತಾಂಶ ರೋಗಿ ಮನೆಗೆ ಹೋಗುವ ಮೊದಲೇ ಕೈಗೆ ಬರಲಿ. ಈ ರೋಗ ಖಚಿತವಾದವರ ಕೇಸ್ ಶೀಟಿನಲ್ಲಿ ‘ಅಗತ್ಯ ಬಿದ್ದರೆ’ ಎಂಬ ಮಾತು ಬೇಡ. ‘ದಿನವೂ, ನಿಲ್ಲಿಸಲು ಹೇಳುವವರೆಗೆ’ ಎಂದಿರಲಿ. ನಿಲ್ಲಿಸುವವರು ಕಾರಣ ಬರೆದು ಸಹಿ ಹಾಕಲಿ. ಡಯಾಲಿಸಿಸ್ ರೋಗಿಯ ಪಾಳಿಯನ್ನು ರಜೆಯೆಂದು ಯಾರೂ ತಪ್ಪಿಸುವುದಿಲ್ಲ. ಇದೂ ಅದೇ ಸಾಲಿನಲ್ಲಿ ಭಾನುವಾರದ ಡ್ಯೂಟಿ ಪಟ್ಟಿಗೆ ಸೇರಲಿ. ವಾರ್ಡಿನಲ್ಲಿ ಒಂದು ಡಬ್ಬ ಸದಾ ತುಂಬಿರಲಿ: ಸ್ಪೈನಲ್ ಸೂಜಿ, ಥ್ರೀ-ವೇ, ಮ್ಯಾನೋಮೀಟರ್ ಅಥವಾ ಎಕ್ಸ್‌ಟೆನ್ಷನ್ ಕೊಳವೆ, ಟೇಪು, ಲಿಗ್ನೊಕೇಯ್ನ್, ಗ್ಲೌಸು, ಅಳತೆ ಗೆರೆಯಿರುವ ಬಾಟಲಿ. ಮಂಚದ ಕಾಲ ಬಳಿ ತೂಗುಹಾಕಲು ಒಂದು ಹಾಳೆ ಸಾಕು. ಅದರಲ್ಲಿ ದಿನ, ಶುರುವಿನ ಒತ್ತಡ, ತೆಗೆದ ಮಿ.ಲೀ., ಕೊನೆಯ ಒತ್ತಡ, ಕಣ್ಣು ಹೇಗಿದೆ, ಮಾಡಿದವರ ಸಹಿ. ಶುರುವಿನ ಒತ್ತಡದ ಕಾಲಂ ಮಾತ್ರ ಕೆಂಪು ಗೆರೆಯೊಳಗಿರಲಿ.

ಬಿಡುಗಡೆಯ ದಿನದ ಬಗ್ಗೆಯೂ ಒಂದು ಕೋರಿಕೆ. ಮೊದಲ ಎರಡು ವಾರದ ನಂತರ ಫ್ಲುಕೊನಜೋಲ್ ದಿನಕ್ಕೆ 800 ಮಿ.ಗ್ರಾಂ., ಎಂಟು ವಾರ. ಆಮೇಲೆ 200 ಮಿ.ಗ್ರಾಂ., ಕಡಿಮೆಯೆಂದರೆ ಒಂದು ವರ್ಷ, ಎಆರ್‌ಟಿಯಲ್ಲಿ ಸಿಡಿ4 ಚೇತರಿಸಿಕೊಳ್ಳುವವರೆಗೆ. 800 ಎಂದರೆ 200ರ ಮಾತ್ರೆ ದಿನಕ್ಕೆ ನಾಲ್ಕು, ಎಂಟು ವಾರಕ್ಕೆ 224 ಮಾತ್ರೆ. ಹತ್ತು ದಿನದ ಮಾತ್ರೆ ಕೊಟ್ಟು ‘ಉಳಿದದ್ದು ಹೊರಗೆ ತಗೊಳ್ಳಿ’ ಎಂದು ಕಳಿಸಿದರೆ ಅವರು ತಿಂಗಳೊಳಗೆ ಅದೇ ತಲೆನೋವು ಹೊತ್ತು ಮರಳುತ್ತಾರೆ. 224 ಮಾತ್ರೆಯನ್ನೂ ಅಂದೇ ಚೀಲಕ್ಕೆ ಹಾಕಿ ಕೊಡುವ ವ್ಯವಸ್ಥೆ ಆಗಲಿ. ಎಆರ್‌ಟಿ ಶುರು ಮಾಡುವ ತಾರೀಖನ್ನೂ, ತಲೆನೋವು ಮರಳಿದರೆ ಹಗಲಿರುಳೆನ್ನದೆ ಬರಬೇಕಾದ ವಾರ್ಡಿನ ಹೆಸರನ್ನೂ ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲಿ ಕನ್ನಡದಲ್ಲಿ ಬರೆಯಿಸಿ.

ಇತಿ,
ಎಚ್‌ಐವಿ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಮತ್ತು ಆಪ್ತಸಮಾಲೋಚಕರು
ಬೆಂಗಳೂರು